ಕಚೇರಿಯ ಫೋನ್ ಮಾತನ್ನು ಒಂದು ಚೀಟಿಗೆ ಇಳಿಸುವುದು

ಪ್ರಶ್ನೆ: ಅಪ್ಪ ತೀರಿಕೊಂಡ ಮೇಲೆ ಜಮೀನಿನ ಪೌತಿ ಖಾತೆಗೆ ಏನು ಮಾಡಬೇಕೆಂದು ಊರಿನ ನಾಡಕಚೇರಿಗೆ ಫೋನ್ ಮಾಡಿ ಕೇಳಿದೆ. ಮಾತು ರೆಕಾರ್ಡ್ ಆಗಿದೆ. ಕಚೇರಿಗೆ ಹೋಗಬೇಕಾದವನು ಊರಲ್ಲಿರುವ ತಮ್ಮ. ಅವನಿಗೆ ಇದನ್ನು ಹೇಗೆ ಬರೆದು ಕಳಿಸಲಿ? — ಓದುಗರೊಬ್ಬರು, ಪುಣೆ

ಉತ್ತರ: ಮೊದಲ ಸಲ ಕೇಳುವಾಗ ಏನನ್ನೂ ಬರೆಯಬೇಡಿ. ಎರಡನೇ ಸಲ ದಾಖಲೆ, ದುಡ್ಡು, ಹೊತ್ತು, ಮುಂದಿನ ಕೆಲಸ ಎಂದು ನಾಲ್ಕು ತಲೆಬರಹ ಹಾಕಿಕೊಂಡು, ಒಂದೊಂದು ಸಾಲಿನ ಪಕ್ಕದಲ್ಲೂ ಆ ಮಾತು ಬಂದ ನಿಮಿಷ ಗುರುತು ಮಾಡಿ. ತಮ್ಮನಿಗೆ ಅನುಮಾನ ಬಂದರೆ ಅಷ್ಟನ್ನೇ ತೆಗೆದು ಕೇಳಬಹುದು.

ಹೆಚ್ಚಿನವರು ಎಡವುವುದು ದಾಖಲೆಗಳಲ್ಲಿ. ಗುಮಾಸ್ತರು ಒಂದೇ ಉಸಿರಿಗೆ, "ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ರದ್ದೂ ಆಧಾರ್ ತಗೊಂಡ್ ಬನ್ನಿ. ವಂಶವೃಕ್ಷಕ್ಕೆ ಅಫಿಡವಿಟ್ ಮಾಡಿಸ್ಬೇಕು, ನಲವತ್ತು ರೂಪಾಯಿ ಆಗುತ್ತೆ" ಎಂದಿದ್ದಾರೆ ಎಂದುಕೊಳ್ಳಿ. ನಾಲ್ಕನ್ನೂ ಒಂದೇ ಪಟ್ಟಿಗೆ ಹಾಕಿದರೆ ತಮ್ಮನ ಮೊದಲ ಓಡಾಟ ದಂಡ. ಮನೆಯಲ್ಲಿ ಮರಣ ಪ್ರಮಾಣಪತ್ರ, ಪಹಣಿ, ಆಧಾರ್ ಇರಬಹುದು. ವಂಶವೃಕ್ಷವನ್ನು ಮಾತ್ರ ನೋಟರಿಯ ಅಫಿಡವಿಟ್ಟಿನೊಂದಿಗೆ ಬೇರೆ ಅರ್ಜಿ ಹಾಕಿ ಪಡೆಯಬೇಕು. ಹಾಗಾಗಿ ಅದರ ಜಾಗ "ಮುಂದಿನ ಕೆಲಸ"ದಲ್ಲಿ, ಅದೂ ಎಲ್ಲಕ್ಕಿಂತ ಮೇಲೆ. ಕೈಯಲ್ಲಿಲ್ಲದ ದಾಖಲೆಯನ್ನೆಲ್ಲ ಹೀಗೇ ಅಲ್ಲಿಗೆ ಸರಿಸಿ.

ಇನ್ನು ಆ ನಲವತ್ತು ರೂಪಾಯಿ ಯಾವುದಕ್ಕೆ? ಅಫಿಡವಿಟ್ಟಿಗೋ, ವಂಶವೃಕ್ಷದ ಅರ್ಜಿಗೋ? ಮಾತಿನಿಂದ ಗೊತ್ತಾಗುವುದಿಲ್ಲ. "ಶುಲ್ಕ 40" ಎಂದು ಬರೆದರೆ ಗುಮಾಸ್ತರು ಹೇಳದ್ದನ್ನು ನೀವು ಹೇಳಿದಂತಾಗುತ್ತದೆ. "40 ರೂ., ಯಾವುದಕ್ಕೆ ಎಂದು ಕೇಳಬೇಕು" ಎಂದೇ ಬರೆಯಿರಿ. ಫೋನಿನಲ್ಲಿ ಎಪ್ಪತ್ತು, ಎಂಬತ್ತು ಒಂದೇ ಥರ ಕೇಳಿಸುವುದರಿಂದ ಅಂಥ ಕಡೆ ಮತ್ತೊಮ್ಮೆ ಕಿವಿಗೊಡಿ.

"ಹನ್ನೊಂದರ ಮೇಲೆ ಬನ್ನಿ, ವಿಎ ಇರ್ತಾರೆ" ಎಂಬುದನ್ನು ಕಚೇರಿ ವೇಳೆ ಎಂದು ಬರೆಯಬೇಡಿ. ಅದು ಒಬ್ಬರು ಸಿಗುವ ಹೊತ್ತು, ಆ ದಿನದ ಮಟ್ಟಿಗೆ ಹೇಳಿದ್ದೂ ಆಗಿರಬಹುದು. ಎರಡನೇ, ನಾಲ್ಕನೇ ಶನಿವಾರ ಸರ್ಕಾರಿ ರಜೆ ಎಂಬುದನ್ನು ಅವರು ಹೇಳದಿದ್ದರೂ ಸೇರಿಸಿ, ಆದರೆ "ನಾನು ಸೇರಿಸಿದ್ದು" ಎಂದು ಗುರುತು ಹಾಕಿ.

ತಮ್ಮನ ಕೈಗೆ ಹೋಗುವ ಚೀಟಿ ಹೀಗಿರಲಿ: "ಮೊದಲು ನೋಟರಿ ಹತ್ತಿರ ಅಫಿಡವಿಟ್ (2ನೇ ನಿಮಿಷ). ಆಮೇಲೆ ವಂಶವೃಕ್ಷಕ್ಕೆ ಅರ್ಜಿ, ಸಕಾಲ ರಸೀದಿ ಕೇಳಿ ತಗೋ (ನಾನು ಸೇರಿಸಿದ್ದು). ಅದು ಕೈಗೆ ಬಂದ ಮೇಲೆ ಮರಣ ಪ್ರಮಾಣಪತ್ರ, ಪಹಣಿ, ಎಲ್ಲರ ಆಧಾರ್ ಜೊತೆ ಪೌತಿ ಖಾತೆ ಅರ್ಜಿ. 40 ರೂ. ಯಾವುದಕ್ಕೆ, ಕೇಳಬೇಕು. ವಿಎ 11ರ ಮೇಲೆ, ಹೊರಡೋ ಮುಂಚೆ ಫೋನ್ ಮಾಡು." ಫೋನಿನಲ್ಲಿ ಆಧಾರ್ ಸಂಖ್ಯೆ ಓದಿ ಹೇಳಿದ್ದರೆ ಅದನ್ನು ಚೀಟಿಯಲ್ಲಿ ಬರೆಯಬೇಡಿ, ಆ ರೆಕಾರ್ಡಿಂಗನ್ನು ಮನೆಯವರ ಗ್ರೂಪಿಗೂ ಹಾಕಬೇಡಿ. ಅನುಮಾನದ ಸಾಲುಗಳನ್ನಷ್ಟೇ ಮುಂದಿಟ್ಟುಕೊಂಡು ಇನ್ನೊಮ್ಮೆ ಫೋನ್ ಮಾಡಿ, ಉತ್ತರ ಕೊಟ್ಟವರ ಹುದ್ದೆ ಮತ್ತು ಅವತ್ತಿನ ತಾರೀಖನ್ನು ಪಕ್ಕದಲ್ಲಿ ಬರೆದುಕೊಳ್ಳಿ.