ಮರದಿಂದ ಜಾರಿದವನ ಕೈ: ಹಾನಿಯಾದ ನರ ಯಾವುದು?

ಪ್ರಶ್ನೆ ಹೀಗಿರುತ್ತದೆ ಎಂದುಕೊಳ್ಳಿ: ಇರಕಲ್ಲಗಡದ ಯುವಕನೊಬ್ಬ ಹುಣಸೆ ಮರದಿಂದ ಜಾರಿ, ಒಂದೇ ಕೈಯಲ್ಲಿ ಕೊಂಬೆ ಹಿಡಿದು ಜೋತುಬಿದ್ದ. ಈಗ ಅವನ ನಾಲ್ಕೂ ಬೆರಳುಗಳ ಬುಡದ ಗೆಣ್ಣು ಹಿಂದಕ್ಕೆ ಬಾಗಿ, ತುದಿಯ ಗೆಣ್ಣುಗಳು ಒಳಕ್ಕೆ ಮಡಚಿವೆ.

ಪಂಜದಂತಹ ಕೈ ಎಂದೊಡನೆ ಹಲವರು ‘ಅಲ್ನಾರ್ ನರ’ ಎಂದು ಗುರುತು ಹಾಕಿಬಿಡುತ್ತಾರೆ. ಆದರೆ ಅಲ್ನಾರ್ ಮಾತ್ರ ಕೆಟ್ಟರೆ ಮುಖ್ಯವಾಗಿ ಉಂಗುರಬೆರಳು, ಕಿರುಬೆರಳು ಹಾಗಾಗುತ್ತವೆ. ತೋರುಬೆರಳು, ನಡುಬೆರಳಿನ ಲಂಬ್ರಿಕಲ್ ಸ್ನಾಯುಗಳು ಮೀಡಿಯನ್ ನರದವು. ಎರಡೂ ನರಗಳ ಮೂಲಕ ಅಂಗೈಯ ಸಣ್ಣ ಸ್ನಾಯುಗಳಿಗೆ ಹೋಗುವ ಎಳೆಗಳು ಹೆಚ್ಚಾಗಿ ಸಿ8, ಟಿ1 ಬೇರುಗಳವು. ಮೇಲಕ್ಕೆ ಎಳೆದ ತೋಳಿನಲ್ಲಿ ಹರಿಯುವುದೂ ಇವೇ: ಉತ್ತರ ಕ್ಲಂಪ್ಕೆ ಪಾರ್ಶ್ವವಾಯು.

ಮುಂಗೈಯ ಒಳಬದಿ ಮರಗಟ್ಟಿದ್ದರೆ ಅನುಮಾನವೇ ಬೇಡ. ಅಲ್ಲಿನ ಚರ್ಮ ಅಲ್ನಾರ್ ನರದ್ದಲ್ಲ. ಅದೇ ಬದಿಯ ರೆಪ್ಪೆ ಜೋತು, ಪಾಪೆ ಕಿರಿದಾಗಿದ್ದರೆ ಟಿ1 ಬೆನ್ನುಹುರಿಯ ಹತ್ತಿರವೇ ಹರಿದಿದೆ.