ಖಾತೆಯಲ್ಲಿ ತೋರುವ ಹಣ



ನಿನ್ನ ಪತ್ರ ತಲಪಿತು. ಅಮೆರಿಕೆಯಲ್ಲಿ ನೆಲಸಿ, ಯಾರ ಕೈಕೆಳಗೂ ಇರದೆ ಮನೆಯಲ್ಲಿಯೇ ಕುಳಿತು ಪುಸ್ತಕಗಳ ಪುಟವಿನ್ಯಾಸವನ್ನು ಮಾಡಿಕೊಡುತ್ತಿರುವ ನಿನಗೆ, ಮುಖವನ್ನೇ ಕಾಣದ ಗಿರಾಕಿಯೊಬ್ಬನು 600 ಡಾಲರಿನ ಕೆಲಸವೊಂದನ್ನು ಒಪ್ಪಿಸಿ, ಅದು ಆರಂಭವಾಗುವ ಮುನ್ನವೇ 3,850 ಡಾಲರಿನ ಕ್ಯಾಷಿಯರ್ಸ್ ಚೆಕ್ಕನ್ನು ಕೊರಿಯರಿನಲ್ಲಿ ಕಳುಹಿಸಿರುವನೆಂದೂ, ಅದರಲ್ಲಿ 600 ನಿನ್ನ ಸಂಭಾವನೆ, 300 ಮೇಲುಖರ್ಚಿಗೆ, ಉಳಿದ 2,950 ಡಾಲರನ್ನು ತಾನು ಸೂಚಿಸುವ ಮಾರಾಟಗಾರನಿಗೆ ಸಂದಾಯ ಮಾಡಿ ಅವನಿಂದ ವಿನ್ಯಾಸದ ಸಾಫ್ಟ್‌ವೇರನ್ನು ಕೊಂಡುಕೊಳ್ಳಬೇಕೆಂದು ವಿಧಿಸಿರುವನೆಂದೂ ತಿಳಿಸಿರುವೆ. ಚೆಕ್ಕನ್ನು ಬ್ಯಾಂಕಿಗೆ ಕಟ್ಟಲೇ ಎಂಬುದು ನಿನ್ನ ಪ್ರಶ್ನೆ. ಆಯುಷ್ಯದ ಬಹುಭಾಗವನ್ನು ಬ್ಯಾಂಕಿನ ಕೌಂಟರಿನ ಹಿಂದೆ ಕಳೆದ ನಾನು ಆ ಚೆಕ್ಕನ್ನು ನೋಡದೆಯೇ ಹೇಳುತ್ತೇನೆ: ಅದು ಖೋಟಾ, ಕಟ್ಟಬೇಡ. ಏಕೆಂಬುದನ್ನು ವಿವರವಾಗಿ ಬರೆಯುತ್ತೇನೆ. ನಿನ್ನಂತೆ ಸ್ವತಂತ್ರವೃತ್ತಿಯಲ್ಲಿರುವ ಇತರರಿಗೂ ಉಪಯೋಗವಾದೀತೆಂದು ಇದನ್ನು ಬಹಿರಂಗಪತ್ರವಾಗಿಯೇ ಬರೆಯುತ್ತಿದ್ದೇನೆ.

ನಮ್ಮ ದೇಶದಲ್ಲಿ ಬೆಳೆದವರಿಗೆ ಈ ಮೋಸವು ಸುಲಭವಾಗಿ ತಗುಲುವುದಕ್ಕೆ ಒಂದು ವಿಶೇಷಕಾರಣವುಂಟು. ಊರಿನಲ್ಲಿ ಚೆಕ್ಕು ಕಟ್ಟಿದರೆ ಅದು ಕ್ಲಿಯರಿಂಗಿಗೆ ಹೋಗಿ, ಬರೆದವನ ಬ್ಯಾಂಕು ಒಪ್ಪಿ, ಹಣ ವಸೂಲಾದ ಮೇಲೆಯೇ ಸಾಮಾನ್ಯ ಗ್ರಾಹಕನ ಬಳಕೆಗೆ ದೊರೆಯುತ್ತದೆ; ಆದುದರಿಂದ ತೆಗೆಯಬಹುದಾದ ಹಣವೆಂದರೆ ಬಂದುಬಿಟ್ಟ ಹಣವೆಂಬ ನಂಬಿಕೆ ನಮ್ಮಲ್ಲಿ ಅಭ್ಯಾಸಬಲದಿಂದ ಬೇರೂರಿದೆ. ಅಮೆರಿಕೆಯ ಪದ್ಧತಿ ಬೇರೆ. ಅಲ್ಲಿನ ಬ್ಯಾಂಕುಗಳು ಗ್ರಾಹಕರ ಚೆಕ್ಕುಗಳನ್ನು ದಿನಗಟ್ಟಲೆ ತಡೆದಿರಿಸಿಕೊಳ್ಳುತ್ತವೆಯೆಂಬ ದೂರಿನಿಂದಾಗಿ 1987ರಲ್ಲಿ ಅಲ್ಲಿನ ಕಾಂಗ್ರೆಸ್ಸು ಒಂದು ಶಾಸನವನ್ನು ಮಾಡಿ, ಕಟ್ಟಿದ ಚೆಕ್ಕಿನ ಹಣವನ್ನು ಇಷ್ಟು ದಿನಗಳೊಳಗೆ ಗ್ರಾಹಕನ ಬಳಕೆಗೆ ಬಿಡಬೇಕೆಂದು ಗಡುವು ಹಾಕಿತು. ಆ ಶಾಸನದ ಕೆಳಗೆ ಹುಟ್ಟಿದ ನಿಯಮಾವಳಿಗೆ ರೆಗ್ಯುಲೇಷನ್ ಸಿಸಿ ಎಂದು ಹೆಸರು. ಅದರಂತೆ ಸಾಧಾರಣ ಚೆಕ್ಕಿನ ಹಣವನ್ನು ಬಹುಮಟ್ಟಿಗೆ ಎರಡನೆಯ ವ್ಯವಹಾರದಿನಕ್ಕೆ ಬಿಡಬೇಕು; ಬ್ಯಾಂಕೇ ತನ್ನ ಮೇಲೆ ತಾನು ಬರೆದುಕೊಡುವ ಕ್ಯಾಷಿಯರ್ಸ್ ಚೆಕ್ಕನ್ನು, ಅಂದರೆ ಹೆಚ್ಚುಕಡಿಮೆ ನಮ್ಮ ಡಿ.ಡಿ.ಯಂಥದನ್ನು, ಅದರಲ್ಲಿ ಹೆಸರಿರುವವನೇ ಹೋಗಿ ಕೌಂಟರಿನಲ್ಲಿ ಕಟ್ಟಿದರೆ ಮಾರನೆಯ ವ್ಯವಹಾರದಿನವೇ ಬಿಡಬೇಕು. ಹೊಸ ಖಾತೆ, ಭಾರಿ ಮೊತ್ತ, ಸಂಶಯಕ್ಕೆ ಕಾರಣ ಇಂಥ ಅಪವಾದಗಳಿದ್ದರೂ ಸಾಮಾನ್ಯ ನಡವಳಿಕೆ ಇದು.

ಇಲ್ಲಿ ಚೆನ್ನಾಗಿ ಗಮನಿಸಬೇಕಾದುದೇನೆಂದರೆ, ಶಾಸನವು ಹಣ ಬಿಡುವ ಗಡುವನ್ನು ವಿಧಿಸಿದೆಯೇ ಹೊರತು ಚೆಕ್ಕು ನೈಜವೆಂದು ಯಾರಿಗೂ ಭರವಸೆಯನ್ನು ಕೊಟ್ಟಿಲ್ಲ. ಸೋಮವಾರ ಕಟ್ಟಿದರೆ ಮಂಗಳವಾರ ಬೆಳಗ್ಗೆ ನಿನ್ನ ಖಾತೆಯಲ್ಲಿ ತೋರುವ ಮೊತ್ತವು, ಚೆಕ್ಕು ಪಾಸಾದೀತೆಂಬ ಊಹೆಯ ಮೇಲೆ ಬ್ಯಾಂಕು ನಿನ್ನನ್ನು ನಂಬಿ ಮುಂಗಡವಾಗಿ ಕೊಟ್ಟದ್ದು. ಚೆಕ್ಕು ತಿರಸ್ಕೃತವಾಗಿ ಬಂದರೆ, ಕೊಟ್ಟದ್ದನ್ನು ನಿನ್ನ ಖಾತೆಯಿಂದಲೇ ಹಿಂದಕ್ಕೆ ಪಡೆಯುವ ಅಧಿಕಾರ ಬ್ಯಾಂಕಿಗೆ ಕಾನೂನಿನಿಂದಲೂ ನೀನು ಖಾತೆ ತೆರೆಯುವಾಗ ಸಹಿ ಹಾಕಿದ ಕರಾರಿನಿಂದಲೂ ಬಂದಿದೆ. ಅಂತೂ ವಂಚಕನು ಬದುಕುವುದು ಹಣ ಬಿಡುವ ದಿನಕ್ಕೂ ಚೆಕ್ಕು ತಿರುಗಿಬರುವ ದಿನಕ್ಕೂ ನಡುವಣ ಅವಕಾಶದಲ್ಲಿ. ಆ ಅವಕಾಶವನ್ನು ಹಿಗ್ಗಿಸುವುದಕ್ಕೂ ಅವನಲ್ಲಿ ಉಪಾಯಗಳಿವೆ: ಚೆಕ್ಕಿನ ನೆತ್ತಿಯ ಮೇಲೆ ಒಂದು ಬ್ಯಾಂಕಿನ ಹೆಸರನ್ನು ಅಚ್ಚುಹಾಕಿ, ಕೆಳಗಿನ ಸಾಲಿನ ಒಂಬತ್ತು ಅಂಕಿಗಳ ರೌಟಿಂಗ್ ನಂಬರನ್ನು ಮತ್ತೊಂದು ಬ್ಯಾಂಕಿನದಾಗಿ ಇರಿಸಿದರೆ, ಯಂತ್ರಗಳು ಹೆಸರನ್ನು ಓದದೆ ಅಂಕಿಗಳನ್ನೇ ಓದುವುದರಿಂದ ಚೆಕ್ಕು ಬೇರೆ ಬಾಗಿಲಿಗೆ ಹೋಗಿ, ಅಲ್ಲಿಂದ ತಿರುಗಿ ಬರುವಷ್ಟರಲ್ಲಿ ದಿನಗಳು ಕಳೆದಿರುತ್ತವೆ. ಕೆಲವು ಖೋಟಾ ಚೆಕ್ಕುಗಳು ಪತ್ತೆಯಾಗುವುದಕ್ಕೆ ವಾರಗಳೇ ಹಿಡಿಯುವುದುಂಟು.

ಈಗ ನಿನ್ನ ಪ್ರಕರಣವನ್ನೇ ಲೆಕ್ಕ ಹಾಕಿ ನೋಡೋಣ. ನಿನ್ನ ಖಾತೆಯಲ್ಲಿ ಸ್ವಂತದ 1,100 ಡಾಲರ್ ಇದೆಯೆಂದು ಭಾವಿಸು. ಸೋಮವಾರ ಚೆಕ್ಕನ್ನು ಕಟ್ಟುವೆ. ಮಂಗಳವಾರ ಖಾತೆ 4,950 ಎಂದು ತೋರುತ್ತದೆ. ಸಂದೇಹಪರನಾದ ನೀನು ಬ್ಯಾಂಕಿಗೆ ಹೋಗಿ ವಿಚಾರಿಸಿದರೆ, ಕೌಂಟರಿನಲ್ಲಿರುವ ತರುಣಿಯು ಪರದೆಯನ್ನು ನೋಡಿ ಹಣ ಬಂದಿದೆ, ತೆಗೆಯಬಹುದು ಎಂದಾಳು. ಅವಳು ಸುಳ್ಳು ಹೇಳಿದಂತಾಗಲಿಲ್ಲ, ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಟ್ಟಳು, ಅಷ್ಟೆ. ಬುಧವಾರ ಮಾರಾಟಗಾರನಿಗೆ 2,950 ಕಳುಹಿಸುವೆ, ಉಳಿದದ್ದು 2,000. ತಿಂಗಳ ಬಾಡಿಗೆ 1,400 ಕೊಡುವೆ, ಉಳಿದದ್ದು 600. ಮುಂದಿನ ವಾರ ಚೆಕ್ಕು ಖೋಟಾ ಎಂದು ತಿರುಗಿಬರುತ್ತದೆ, ಬ್ಯಾಂಕು 3,850 ಡಾಲರನ್ನು ಒಮ್ಮೆಲೆ ಕಳೆಯುತ್ತದೆ, ನಿನ್ನ ಖಾತೆ 3,250 ಡಾಲರಿನ ಸಾಲದಲ್ಲಿ ನಿಲ್ಲುತ್ತದೆ. ಚೆಕ್ಕು ಮರಳಿದ ಶುಲ್ಕ ಬೇರೆ. ಕಳೆದುಕೊಂಡದ್ದು 3,850 ಎಂದು ಜನ ಗೋಳಾಡುತ್ತಾರೆ. ಆ ಹಣವಾದರೋ ಎಂದೂ ಇರಲಿಲ್ಲ. ನಿಜವಾಗಿ ಹೋದದ್ದು ಮಾರಾಟಗಾರನಿಗೆ ಕಳುಹಿಸಿದ 2,950, ನೀನು ಬೆವರು ಸುರಿಸಿ ಗಳಿಸಿದ್ದು ಮತ್ತು ಇನ್ನು ಮುಂದೆ ಗಳಿಸಿ ತೀರಿಸಬೇಕಾದದ್ದು. ತೀರಿಸದೆ ಹೋದರೆ ಬ್ಯಾಂಕು ಖಾತೆಯನ್ನು ಮುಚ್ಚಿ, ಚೆಕ್ಸ್‌ಸಿಸ್ಟಮ್ಸ್ ಎಂಬ ದಫ್ತರಿಗೆ ನಿನ್ನ ಹೆಸರನ್ನು ವರದಿ ಮಾಡಬಹುದು. ಅಲ್ಲಿ ಹೆಸರು ದಾಖಲಾದವನಿಗೆ ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಯುವುದೂ ಕಷ್ಟ.

ಹಿಂದೆ ಈ ವಂಚಕರು ಹೆಚ್ಚು ಮೊತ್ತದ ಚೆಕ್ಕನ್ನು ಕಳುಹಿಸಿ, ಕೈತಪ್ಪಿ ಹೆಚ್ಚಾಗಿ ಬರೆದುಬಿಟ್ಟೆವು, ಉಳಿದದ್ದನ್ನು ದಯವಿಟ್ಟು ಹಿಂದಿರುಗಿಸಿ ಎಂದು ಬೇಡುತ್ತಿದ್ದರು. ಈ ರೀತಿ ಈಗಲೂ ಉಂಟು. ಆದರೆ ಅದು ಬಹಳ ಮಂದಿಗೆ ತಿಳಿದುಹೋದದ್ದರಿಂದ ಮಾರಾಟಗಾರನೆಂಬ ಪಾತ್ರವೊಂದು ರಂಗಕ್ಕೆ ಬಂದಿತು. ಹಣವನ್ನು ಹಿಂದಿರುಗಿಸು ಎಂದರೆ ಹಿಂಜರಿಯುವವನು, ಕೆಲಸಕ್ಕೆ ಬೇಕಾದ ಸಾಫ್ಟ್‌ವೇರನ್ನು ಕೊಳ್ಳು ಎಂದರೆ ಅದನ್ನು ತನ್ನ ವೃತ್ತಿಯ ಭಾಗವೆಂದೇ ತಿಳಿದು ಉತ್ಸಾಹದಿಂದ ಕಳುಹಿಸುತ್ತಾನೆ. ಮನುಷ್ಯಸ್ವಭಾವವನ್ನು ಇವರು ನಮ್ಮ ಎಷ್ಟೋ ಕಾದಂಬರಿಕಾರರಿಗಿಂತ ಚೆನ್ನಾಗಿ ಬಲ್ಲರು. ಗಿರಾಕಿಯೂ ಮಾರಾಟಗಾರನೂ ಒಬ್ಬನೇ, ಇಲ್ಲವೆ ಒಂದೇ ಗುಂಪಿನವರು. ಮಾರಾಟಗಾರನಿಗೆ ಹಣ ಸಲ್ಲಬೇಕಾದ ಮಾರ್ಗವನ್ನು ನೋಡು: ಜೆಲ್, ವೈರ್ ವರ್ಗಾವಣೆ, ಗಿಫ್ಟ್ ಕಾರ್ಡಿನ ಹಿಂಬದಿಯ ಸಂಖ್ಯೆ, ಕ್ರಿಪ್ಟೊ. ಕೈಬಿಟ್ಟ ಹಣವನ್ನು ಹಿಂದಕ್ಕೆ ತರುವುದು ದುಸ್ಸಾಧ್ಯವಾದ ಮಾರ್ಗಗಳೇ ಇವೆಲ್ಲ. ಕ್ರೆಡಿಟ್ ಕಾರ್ಡಿನಲ್ಲಿ ಕೊಡುತ್ತೇನೆಂದು ಹೇಳಿ ನೋಡು, ಆ ವ್ಯಾಪಾರಿಯ ಯಂತ್ರ ಅಂದೇ ಕೆಟ್ಟಿರುತ್ತದೆ. ಅನಧಿಕೃತವಾಗಿ ಯಾರೋ ನಿನ್ನ ಖಾತೆಯಿಂದ ಸೆಳೆದರೆ ಅಮೆರಿಕೆಯ ಕಾನೂನು ನಿನಗೆ ರಕ್ಷಣೆ ಕೊಡುತ್ತದೆ. ಮೋಸಕ್ಕೆ ಸಿಕ್ಕಿಯಾದರೂ ಸರಿ, ನೀನೇ ಕೈಯಾರೆ ಕಳುಹಿಸಿದುದಕ್ಕೆ ಆ ರಕ್ಷಣೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ.

ನಿಜವಾದ ಸಂಸ್ಥೆಗಳ ನಡವಳಿಕೆಯನ್ನು ನೀನೇ ಬಲ್ಲೆ. ತಮ್ಮ ಸಾಫ್ಟ್‌ವೇರನ್ನೇ ಬಳಸಬೇಕೆಂದು ಬಯಸುವ ಪ್ರಕಾಶಕರು ತಮ್ಮ ಲೈಸೆನ್ಸಿನಲ್ಲಿ ನಿನಗೊಂದು ಲಾಗಿನ್ ಕೊಡುತ್ತಾರೆ, ಅಥವಾ ವ್ಯಾಪಾರಿಗೆ ತಾವೇ ಹಣ ಕಟ್ಟುತ್ತಾರೆ. ಪರಿಚಯವೇ ಇಲ್ಲದವನ ಖಾತೆಯ ಮೂಲಕ ತಮ್ಮ ಹಣವನ್ನು ಹಾಯಿಸಿ ತಮ್ಮದೇ ಮಾರಾಟಗಾರನಿಗೆ ತಲಪಿಸುವ ಪ್ರಮೇಯ ಯಾವ ಲೆಕ್ಕಿಗನಿಗೂ ಬಾರದು. ಆದುದರಿಂದ ಚೆಕ್ಕಿನ ಕಾಗದವನ್ನು ಬೆಳಕಿಗೆ ಹಿಡಿದು ಪರೀಕ್ಷಿಸುವುದಕ್ಕಿಂತ ಒಂದು ವಾಕ್ಯವನ್ನು ಬರೆದು ಕಳುಹಿಸುವುದು ಮೇಲು: "ಮಾರಾಟಗಾರನಿಗೆ ತಾವೇ ನೇರವಾಗಿ ಕೊಡಿ, ನನಗೆ 600 ಡಾಲರಿನ ಚೆಕ್ಕು ಮಾತ್ರ ಸಾಕು." ಪ್ರಾಮಾಣಿಕನು ಒಪ್ಪುತ್ತಾನೆ. ಇನ್ನೊಬ್ಬನು ತನ್ನ ಲೆಕ್ಕಪತ್ರ ವಿಭಾಗದ ಕಷ್ಟವನ್ನೂ, ಇಂದು ಸಂಜೆಯೊಳಗೆ ಕೊಳ್ಳದಿದ್ದರೆ ಕೆಲಸ ಬೇರೆಯವರ ಪಾಲಾಗುವುದನ್ನೂ ದೀರ್ಘವಾಗಿ ವರ್ಣಿಸಿ ಬರೆಯುತ್ತಾನೆ. ಆ ಅವಸರ ಚೆಕ್ಕು ತಿರುಗಿಬರುವ ಮುನ್ನ ಹಣ ಕೈಸೇರಬೇಕೆಂಬ ಅವಸರ.

ಚೆಕ್ಕಿನ ಮುಖದಲ್ಲಿಯೂ ಒಂದು ಗುರುತನ್ನು ಹೇಳಬಲ್ಲೆ. ಗಿರಾಕಿ ತಾನು ಪ್ರಕಾಶಕನೆಂದಿರುತ್ತಾನೆ, ಹಣ ಕೊಟ್ಟವನ ಸ್ಥಾನದಲ್ಲಿ ಬೇರಾವುದೋ ರಾಜ್ಯದ, ಪುಸ್ತಕಕ್ಕೆ ಸಂಬಂಧವೇ ಇಲ್ಲದ ಒಂದು ಕಂಪೆನಿಯ ಹೆಸರಿರುತ್ತದೆ. ಕೊರಿಯರಿನ ಲಕೋಟೆ ಬಂದ ಊರು ಮೂರನೆಯದು. ಇದಕ್ಕೂ ಮೀರಿ ತಿಳಿಯಬೇಕೆನಿಸಿದರೆ, ಚೆಕ್ಕು ಬರೆದಿರುವ ಬ್ಯಾಂಕಿಗೆ ದೂರವಾಣಿ ಮಾಡಿ ಚೆಕ್ಕಿನ ಸಂಖ್ಯೆ, ದಿನಾಂಕ, ಮೊತ್ತ, ನಿನ್ನ ಹೆಸರು ಇವನ್ನು ಹೇಳಿ, ಇಂಥದೊಂದನ್ನು ತಾವು ಕೊಟ್ಟಿದ್ದೀರಾ ಎಂದು ಕೇಳು. ಆದರೆ ಚೆಕ್ಕಿನ ಮೇಲೆ ಅಚ್ಚಾಗಿರುವ ಸಂಖ್ಯೆಗೆ ಮಾತ್ರ ಕರೆಯಬೇಡ, ಅಲ್ಲಿ ಉತ್ತರಿಸುವವನೂ ಅವರವನೇ ಇರಬಹುದು. ಬ್ಯಾಂಕಿನ ಸಂಖ್ಯೆಯನ್ನು ಬೇರೆ ಮೂಲದಿಂದ ಹುಡುಕಿಕೊ. ಈ ಪರೀಕ್ಷೆಗೂ ಮಿತಿಯಿದೆ: ನಿಜವಾದ ಚೆಕ್ಕೊಂದರ ವಿವರಗಳನ್ನೇ ಕದ್ದು ನಕಲು ಮಾಡಿದ್ದರೆ ಬ್ಯಾಂಕು ಹೌದೆನ್ನಲೂಬಹುದು. ಆದಕಾರಣ ನಿನ್ನ ಸಂಭಾವನೆಗೆ ಮೀರಿದ ಚೆಕ್ಕನ್ನು ಸ್ವೀಕರಿಸದೆ ಇರುವುದೇ ಲೇಸು.

ಗೊತ್ತಿರುವ ಗಿರಾಕಿಯೇ ನಿಜವಾಗಿ ತಪ್ಪಿ ಹೆಚ್ಚಿನ ಮೊತ್ತ ಬರೆದಿದ್ದರೆ? ಅದೂ ಆಗುವುದುಂಟು. ಆಗಲೂ ವ್ಯತ್ಯಾಸದ ಹಣವನ್ನು ಕಳುಹಿಸಬೇಡ. ಚೆಕ್ಕನ್ನು ರದ್ದುಮಾಡಿ ಸರಿಯಾದ ಮೊತ್ತಕ್ಕೆ ಹೊಸದನ್ನು ಕೊಡುವಂತೆ ಕೇಳು.

ಪತ್ರವನ್ನು ಬರೆದ ಮೇಲೆ, ನಾನು ಉತ್ತರಿಸುವುದರೊಳಗೆ ನೀನು ಆ 3,850 ಡಾಲರಿನ ಚೆಕ್ಕನ್ನು ಕಟ್ಟಿಬಿಟ್ಟಿರಲೂಬಹುದು. ಹಾಗಿದ್ದಲ್ಲಿ ಒಂದು ಡಾಲರನ್ನೂ ಮುಟ್ಟದೆ, ಚೆಕ್ಕು ಖೋಟಾ ಎಂಬ ಸಂಶಯವಿದೆಯೆಂದು ಬ್ಯಾಂಕಿನವರಿಗೆ ನೀನಾಗಿಯೇ ಮೊದಲು ತಿಳಿಸು. ತಿಳಿಯದೆ ಕಟ್ಟಿದವನು ಅಪರಾಧಿಯಲ್ಲ, ಖೋಟಾ ಎಂದು ತಿಳಿದ ಮೇಲೂ ಸುಮ್ಮನಿದ್ದವನ ಮಾತನ್ನು ನಂಬುವವರು ವಿರಳ. ಮಾರಾಟಗಾರನಿಗೆ ಹಣ ಹೋಗಿದ್ದರೆ, ಕಳುಹಿಸಿದ ಬ್ಯಾಂಕಿನ ವಂಚನಾ ವಿಭಾಗಕ್ಕೆ ಆ ಗಳಿಗೆಯಲ್ಲೇ ಕರೆ ಮಾಡಿ ವರ್ಗಾವಣೆಯನ್ನು ಹಿಂದಕ್ಕೆ ಕರೆಸುವಂತೆ ಕೇಳಿಕೊ. ಗಿಫ್ಟ್ ಕಾರ್ಡಾದರೆ ಅದನ್ನು ಹೊರಡಿಸಿದ ಕಂಪೆನಿಗೆ ಹೇಳು. ಇದು ಫಲಿಸುವುದು ಅಪರೂಪ, ಫಲಿಸಿದರೆ ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಬಳಿಕ ReportFraud.ftc.gov ಮತ್ತು ic3.gov ಎರಡರಲ್ಲಿಯೂ ದೂರು ಕೊಡು. ಲಕೋಟೆ, ಚೆಕ್ಕಿನ ಚಿತ್ರ, ಅವನ ಎಲ್ಲ ಇಮೇಲುಗಳು, ಯಾವುದನ್ನೂ ಅಳಿಸಬೇಡ. ಅವನೊಡನೆ ವಾದಕ್ಕೂ ಇಳಿಯಬೇಡ.

ಇನ್ನೂ ಕಟ್ಟಿಲ್ಲವಾದರೆ ಚೆಕ್ಕನ್ನು ನಾಳೆಯೇ ನಿನ್ನ ಬ್ಯಾಂಕಿಗೆ ಒಯ್ದು, ಜಮಾ ಮಾಡಲೆಂದಲ್ಲ, ತೋರಿಸಲೆಂದು ಕೊಡು. ಅವರು ಏನೆಂದರೆಂಬುದನ್ನು ನನಗೆ ಬರೆ.

ಇಂತು,
ನಿನ್ನ ಹಿತಚಿಂತಕ