ಗಾದೆಗೆ ಗಾದೆ ಹೊಂದಿಸುವಾಗ: ಪರ್ಷಿಯನ್ ಗಾದೆಗಳೊಂದಿಗೆ ಎರಡು ಅವಧಿ

ಹಿನ್ನೆಲೆ

ಚಿಕ್ಕಯ್ಯನಛತ್ರ ಹೋಬಳಿಯ ಒಂದು ಪ್ರೌಢಶಾಲೆಯಲ್ಲಿ ನನ್ನ ಬೋಧನಾಭ್ಯಾಸ ನಡೆಯಿತು. ನಾನು ವಿಜ್ಞಾನದ ಪ್ರಶಿಕ್ಷಣಾರ್ಥಿ. ಕನ್ನಡ ಶಿಕ್ಷಕರು ರಜೆಯಲ್ಲಿದ್ದಾಗ ಒಂಬತ್ತನೇ ತರಗತಿಯ ಎರಡು ಅವಧಿಗಳು ನನಗೆ ಬಂದವು. ಗಾದೆ ವಿಸ್ತರಣೆ ಮಾಡಿಸಿ ಎಂದು ಹೇಳಿದ್ದರು. ಮೊದಲ ಹತ್ತು ನಿಮಿಷದಲ್ಲಿಯೇ ಒಂದು ತೊಂದರೆ ಕಾಣಿಸಿತು. ಯಾವ ಗಾದೆ ಕೊಟ್ಟರೂ ಮಕ್ಕಳು "ಗಾದೆಗಳು ವೇದಗಳಿಗೆ ಸಮಾನ" ಎಂದು ಶುರುಮಾಡಿ, ಬಾಯಿಪಾಠದ ನಾಲ್ಕು ವಾಕ್ಯ ಬರೆದು, ಕೊನೆಗೆ ಒಂದು ನೀತಿ ಹೇಳಿ ಮುಗಿಸುತ್ತಿದ್ದರು. ಗಾದೆ ಅವರಿಗೆ ಅರ್ಥವಾಗಿದೆಯೇ ಎಂದು ತಿಳಿಯುವ ದಾರಿಯೇ ಇರಲಿಲ್ಲ.

ಬಾಯಿಪಾಠಕ್ಕೆ ಸಿಗದ ಗಾದೆ ಬೇಕಾಗಿತ್ತು. ನನ್ನ ಸಹಪಾಠಿಯೊಬ್ಬರ ಮನೆಮಾತು ಉರ್ದು, ಅವರ ತಾತ ಪರ್ಷಿಯನ್ ಓದಿದವರು. ಅವರಿಂದ ಕೆಲವು ಪರ್ಷಿಯನ್ ಗಾದೆಗಳನ್ನು ಪದಪದವಾಗಿ ಬಿಡಿಸಿಕೊಂಡು ಬರೆದುಕೊಂಡೆ. ಮಕ್ಕಳಿಗೆ ಕೊಟ್ಟ ಕೆಲಸ ಇಷ್ಟೇ: ಇದಕ್ಕೆ ಸರಿಸಮನಾದ ಕನ್ನಡ ಗಾದೆ ಇದ್ದರೆ ಬರೆಯಿರಿ, ಇಲ್ಲದಿದ್ದರೆ ಎರಡು ವಾಕ್ಯದಲ್ಲಿ ವಿವರಿಸಿ.

ಭಾಷೆ ತೀರಾ ಹೊರಗಿನದು ಎಂದು ಮಕ್ಕಳು ಹೆದರಬಾರದೆಂದು ಪೂರ್ವಜ್ಞಾನದಿಂದಲೇ ಆರಂಭಿಸಿದೆ. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮೈಸೂರಿನ ಆಡಳಿತದಲ್ಲಿ ಪರ್ಷಿಯನ್ ಬಳಕೆಯಲ್ಲಿತ್ತು. ಶ್ರೀರಂಗಪಟ್ಟಣದ ಗುಂಬಜ್‌ನಲ್ಲಿ ಇಂದಿಗೂ ಪರ್ಷಿಯನ್ ಬರಹಗಳಿವೆ. ಜಮೀನು, ಸರ್ಕಾರ, ದರ್ಬಾರು, ಖುಷಿ ಎಲ್ಲವೂ ಅಲ್ಲಿಂದ ಬಂದವು. "ದಸ್ತ್" ಎಂದರೆ ಕೈ ಎಂದಾಗ ಹುಡುಗನೊಬ್ಬ "ಹಂಗಾರೆ ದಸ್ತಗಿರಿ ಅಂದ್ರೆ ಕೈ ಹಿಡ್ಕೊಳದಾ ಸಾ?" ಎಂದ. ಹೌದು, ಅದೇ. ಪದಗಳು ನಮ್ಮಲ್ಲಿಗೆ ಬಂದು ನೆಲೆಸಿವೆ, ಗಾದೆಗಳು ಅಷ್ಟು ಸುಲಭವಾಗಿ ಬರುತ್ತವೆಯೇ ಎನ್ನುವುದೇ ನಮ್ಮ ಪಾಠವಾಯಿತು.

ಮೊದಲ ಅವಧಿ: ಚಿತ್ರ ಬೇರೆ, ಸಂದರ್ಭ ಒಂದೇ

ಕಪ್ಪುಹಲಗೆಯ ಮೇಲೆ ಮೊದಲು ಬರೆದದ್ದು: ಆವಾಜ್-ಎ-ದುಹುಲ್ ಶುನೀದನ್ ಅಜ್ ದೂರ್ ಖುಶ್ ಅಸ್ತ್. ಡೋಲಿನ ಸದ್ದು ದೂರದಿಂದ ಕೇಳುವುದಕ್ಕೆ ಚೆನ್ನ. ತರಗತಿಯ ಅರ್ಧ ಭಾಗ ಒಟ್ಟಿಗೇ "ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ" ಎಂದಿತು. ಅಲ್ಲಿ ಕಿವಿ, ಇಲ್ಲಿ ಕಣ್ಣು. ಅಲ್ಲಿ ಡೋಲು, ಇಲ್ಲಿ ಬೆಟ್ಟ. ಆದರೆ ಪಟ್ಟಣದ ಕೆಲಸ ಬಲು ಸುಖ ಎಂದುಕೊಂಡವನಿಗೆ, ಹೋಗಿ ನೋಡಿ ಬಂದವನು ಹೇಳುವ ಮಾತು ಎರಡೂ ಭಾಷೆಯಲ್ಲಿ ಇದೇ.

ಎರಡನೆಯದನ್ನು ಕನ್ನಡದಲ್ಲಿಯೇ ಹೇಳಿದೆ. ಜಿರಳೆ ಗೋಡೆ ಹತ್ತುತ್ತಿತ್ತಂತೆ. ಅದರ ತಾಯಿ ನೋಡಿ "ನಿನ್ನ ಸ್ಫಟಿಕದಂಥ ಕೈಕಾಲಿಗೆ ನಾನು ಬಲಿಯಾಗಲಿ" ಎಂದಿತಂತೆ. ನಗು ನಿಲ್ಲುವ ಮೊದಲೇ "ಹೆತ್ತವರಿಗೆ ಹೆಗ್ಗಣ ಮುದ್ದು" ಬಂತು. "ಬಲಿಯಾಗಲಿ" ಎಂಬ ಮಾತು ಮಾತ್ರ ಕೆಲವರಿಗೆ ವಿಚಿತ್ರವೆನಿಸಿತು. ನಮ್ಮ ಅಜ್ಜಿಯರು ಮಗುವಿನ ಕೆನ್ನೆ ಸವರಿ ನೆಟಿಕೆ ಮುರಿಯುವ ಹಾಗೆ ಅದೊಂದು ಮುದ್ದಿನ ಮಾತು ಎಂದೊಡನೆ ಒಪ್ಪಿಕೊಂಡರು. ಇಲ್ಲಿ ಜಿರಳೆಯನ್ನು ಕನ್ನಡಕ್ಕೆ ತರುವ ಅಗತ್ಯವಿಲ್ಲ. ಹೆಗ್ಗಣ ಅದರ ಕೆಲಸವನ್ನು ಪೂರ್ತಿಯಾಗಿ ಮಾಡುತ್ತದೆ.

ನಾನು ತಪ್ಪಿದ್ದು: ಚಿತ್ರ ಒಂದೇ, ಸಂದರ್ಭ ಬೇರೆ

ಮೂರನೆಯದು ಬಹಳ ಸುಲಭ ಎಂದುಕೊಂಡಿದ್ದೆ. ಯಕ್ ದಸ್ತ್ ಸದಾ ನದಾರದ್. ಒಂದು ಕೈಗೆ ಸದ್ದಿಲ್ಲ. ನನ್ನ ಪಾಠಯೋಜನೆಯಲ್ಲಿ ಉತ್ತರ ಮೊದಲೇ ಬರೆದಿಟ್ಟಿದ್ದೆ: "ಒಂದು ಕೈಯಿಂದ ಚಪ್ಪಾಳೆ ಆಗುತ್ತದೆಯೇ?" ಬಹುತೇಕ ಮಕ್ಕಳು ಅದನ್ನೇ ಬರೆದರು. ಒಬ್ಬ ಹುಡುಗಿ ಮಾತ್ರ "ಒಗ್ಗಟ್ಟಿನಲ್ಲಿ ಬಲವಿದೆ" ಎಂದು ಬರೆದಿದ್ದಳು. ಕೈಯೂ ಇಲ್ಲ, ಸದ್ದೂ ಇಲ್ಲ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದೆ.

ಮರುದಿನ ಅವಳು ಪುಸ್ತಕ ಹಿಡಿದು ಮೇಜಿನ ಹತ್ತಿರ ಬಂದಳು. "ಸಾ, ನಾನೂ ನನ್ ತಮ್ಮನೂ ಜಗಳ ಆಡ್ದಾಗ ನಮ್ಮವ್ವ 'ಒಂದ್ ಕೈಲಿ ಚಪ್ಪಾಳೆ ಆದದಾ' ಅಂತ ಇಬ್ಬುರ್ಗೂ ಹೊಡಿತರೆ. ನೀವು ನಿನ್ನೆ ಹೇಳಿದ್ದು ಎಲ್ರೂ ಸೇರಿ ಕೆಲಸ ಮಾಡ್ಬೇಕು ಅಂತ. ಅದು ಇದಾ?"

ಅವಳು ಹೇಳಿದ್ದು ಸರಿ. ಪರ್ಷಿಯನ್ನಿನಲ್ಲಿ ಆ ಗಾದೆಯನ್ನು ಬಳಸುವುದು ಸಹಾಯಕ್ಕೆ ಕರೆಯುವಾಗ: ಒಬ್ಬನಿಂದ ಆಗದು, ನೀನೂ ಕೈ ಜೋಡಿಸು. ನಮ್ಮಲ್ಲಿ "ಒಂದು ಕೈಯಿಂದ ಚಪ್ಪಾಳೆ ಆಗುತ್ತದೆಯೇ?" ಎಂದು ಪ್ರಶ್ನೆಯಾಗಿ ಕೇಳಿದರೆ ಅದು ಹೆಚ್ಚಾಗಿ ಜಗಳದ ತೀರ್ಪು: ತಪ್ಪು ಇಬ್ಬರದೂ ಇದೆ. ಕೆರೆಯ ಹೂಳು ತೆಗೆಯಲು ಊರವರನ್ನು ಕರೆಯುವವನು ಈ ಪ್ರಶ್ನೆ ಹಾಕಿದರೆ, ಯಾರದು ತಪ್ಪು ಎಂದು ಜನ ಮುಖಮುಖ ನೋಡಿಕೊಂಡಾರು. "ಎರಡು ಕೈ ಸೇರಿದರೆ ಚಪ್ಪಾಳೆ" ಎಂದು ಒಪ್ಪಿಗೆಯ ರೂಪದಲ್ಲಿ ಹೇಳಿದರೆ ಮಾತ್ರ ಅದು ಸಹಕಾರದ ಮಾತಾಗಬಲ್ಲದು. ಹಾಗಾಗಿ ಕೈಗೆ ಕೈ ಹೊಂದಿಸಿದ ನನ್ನ ಉತ್ತರಕ್ಕಿಂತ, ಚಿತ್ರವನ್ನು ಬಿಟ್ಟು ಸಂದರ್ಭವನ್ನು ಹಿಡಿದ ಅವಳ ಉತ್ತರವೇ ಹತ್ತಿರದ್ದು. "ಒಗ್ಗಟ್ಟಿನಲ್ಲಿ ಬಲವಿದೆ" ಎಂಬುದರಲ್ಲಿ ಕರೆಯುವ ದನಿ ಸ್ವಲ್ಪ ಕಡಿಮೆ, ಅದೊಂದೇ ಕೊರತೆ. ತರಗತಿಯ ಎದುರಿಗೇ ತಪ್ಪು ಗುರುತನ್ನು ಹೊಡೆದುಹಾಕಿ ಸರಿ ಹಾಕಿದೆ. ಅದೇ ಉತ್ತರ ಬರೆದು ಅಂಕ ಪಡೆದಿದ್ದ ಉಳಿದವರ ಅಂಕ ತೆಗೆಯಲಿಲ್ಲ, ಏಕೆಂದರೆ ತಪ್ಪು ನನ್ನ ಉತ್ತರಸೂಚಿಯದು.

ಆಮೇಲೆ ಹಲಗೆಯ ಮೂಲೆಯಲ್ಲಿ ಮೂರು ಪ್ರಶ್ನೆ ಬರೆದೆವು. ಇದನ್ನು ಯಾರು ಯಾರಿಗೆ ಹೇಳುತ್ತಾರೆ? ಯಾವ ಹೊತ್ತಿನಲ್ಲಿ? ಕೇಳಿದವರು ಏನು ಮಾಡಬೇಕೆಂದು ಹೇಳುತ್ತಾರೆ? ಮೂರಕ್ಕೂ ಎರಡು ಭಾಷೆಯಲ್ಲಿ ಒಂದೇ ಉತ್ತರ ಬಂದರೆ ಅದು ಸಮಾನ ಗಾದೆ. ಒಂದಕ್ಕೆ ತಪ್ಪಿದರೂ ವಿವರಣೆ ಬೇಕು.

ಎರಡನೇ ಅವಧಿ: ಜೀರಿಗೆ ಮತ್ತು ರಸಬಾಳೆ

ಜೀರಾ ಬ ಕಿರ್ಮಾನ್ ಬುರ್ದನ್. ಕಿರ್ಮಾನಿಗೆ ಜೀರಿಗೆ ಒಯ್ಯುವುದು. ಕಿರ್ಮಾನ್ ಇರಾನಿನ ಆಗ್ನೇಯ ಭಾಗದ ಊರು, ಜೀರಿಗೆಗೆ ಹೆಸರಾದದ್ದು. ಆರು ಗುಂಪುಗಳಿಗೆ ಐದು ನಿಮಿಷ ಕೊಟ್ಟೆ. ಮೂರು ಬಗೆಯ ಉತ್ತರ ಬಂದವು.

ಮೊದಲನೆಯದು "ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ." ಇದು ನಮ್ಮಲ್ಲಿ ಇರುವ ಗಾದೆಯೇ. ಆದರೆ ಮೂರು ಪ್ರಶ್ನೆ ಹಾಕಿದಾಗ ನಿಲ್ಲಲಿಲ್ಲ. ಹೊಳೆಗೆ ಬಿದ್ದ ಹುಣಸೆಹಣ್ಣು ಕರಗಿ ಹೋಗುತ್ತದೆ, ಮಾಡಿದ್ದು ನಷ್ಟ. ಕಿರ್ಮಾನಿಗೆ ಹೋದ ಜೀರಿಗೆ ಹಾಳಾಗುವುದಿಲ್ಲ, ಅಲ್ಲಿ ಅದು ಬೇಕಾಗಿಲ್ಲ ಅಷ್ಟೆ. ಬಲ್ಲವರ ಮುಂದೆ ಅವರ ವಿಷಯವನ್ನೇ ಹೇಳಲು ಹೋದವನು ಸಂಕೋಚದಿಂದ ತನ್ನ ಬಗ್ಗೆಯೇ ಹೇಳಿಕೊಳ್ಳಬಹುದಾದ ಮಾತು ಅದು. ಹುಣಸೆಹಣ್ಣಿನಲ್ಲಿ ಆ ವಿನಯವಿಲ್ಲ.

ಎರಡನೆಯದು "ಸಂಗಮಕ್ಕೆ ನೀರು ಹೊತ್ತ ಹಾಗೆ." ತಿರುಮಕೂಡಲಿನಲ್ಲಿ ಕಾವೇರಿ, ಕಪಿಲೆ ಸೇರುವುದನ್ನು ಕಂಡ ಮಕ್ಕಳ ಉತ್ತರ. ಇರುವಲ್ಲಿಗೇ ಒಯ್ಯುವ ಭಾವ ಬಂತು. ಆದರೆ ನೀರು ಎಲ್ಲ ಹೊಳೆಯಲ್ಲೂ ಇದೆ. ಇಂಥ ಊರಿಗೆ ಇಂಥ ಬೆಳೆ ಎಂಬ ಹೆಸರು ಅದರಲ್ಲಿಲ್ಲ.

ಮೂರನೆಯದು "ನಂಜನಗೂಡಿಗೆ ರಸಬಾಳೆ ಹೊತ್ತ ಹಾಗೆ." ಊರಿಗೆ ಊರು, ಬೆಳೆಗೆ ಬೆಳೆ, ಹೆಸರಿಗೆ ಹೆಸರು. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಬಾಳೆ ಅದು. ನಾನು ಸರಿ ಎನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಎದ್ದ: "ಈಗ ನಂಜನಗೂಡಲ್ಲೇ ರಸಬಾಳೆ ಎಲ್ ಸಿಕ್ತದೆ ಸಾ? ನಮ್ ತಾತ ಹಾಕಿದ್ರಂತೆ, ಸೊರಗು ರೋಗ ಬಂದು ಕಿತ್ ಹಾಕುದ್ರಂತೆ. ಈಗ ಹೊತ್ಕಂಡೋದ್ರೆ ಚೆನ್ನಾಗೇ ಮಾರ್ಬೋದು."

ಅವನ ಮಾತಿನಲ್ಲಿ ವಿಜ್ಞಾನವೂ ಇತ್ತು. ಪನಾಮ ಸೊರಗು ರೋಗದ ಶಿಲೀಂಧ್ರ ಫ್ಯುಸೇರಿಯಂ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಬೇರಿನ ಮೂಲಕ ಒಳಹೊಕ್ಕು ನೀರು ಸಾಗಿಸುವ ಅಂಗಾಂಶವನ್ನು ಕಟ್ಟಿಹಾಕುತ್ತದೆ. ರೋಗ ತಗುಲಿದ ಗಿಡದ ಕಂದು ತಂದು ನೆಟ್ಟರೆ ರೋಗವೂ ಜೊತೆಗೆ ಬರುತ್ತದೆ. ನಂಜನಗೂಡು ಸೀಮೆಯಲ್ಲಿ ರಸಬಾಳೆ ಕುಗ್ಗಲು ಇದು ದೊಡ್ಡ ಕಾರಣ. ಹಾಗಾದರೆ ಬೆಳೆ ಹೋದ ಮೇಲೆ ಮಾತು ನಿಲ್ಲುತ್ತದೆಯೇ? ಹಳೆಯ ಗಾದೆಯಾಗಿದ್ದರೆ ನಿಲ್ಲುತ್ತಿತ್ತು, ಏಕೆಂದರೆ ಬಳಸುವವರು ಚಿತ್ರವನ್ನು ಪರೀಕ್ಷಿಸಲು ಹೋಗುವುದಿಲ್ಲ. ನಾವು ಆಗ ತಾನೇ ಕಟ್ಟಿದ ಮಾತಿಗೆ ಆ ಆಸರೆ ಇಲ್ಲ. ಕೇಳಿದವನು ಬಾಳೆಯನ್ನೇ ನೋಡುತ್ತಾನೆ.

ಆದ್ದರಿಂದ ತೀರ್ಮಾನ ಹೀಗಾಯಿತು. "ನಂಜನಗೂಡಿಗೆ ರಸಬಾಳೆ" ಎಂಬುದು ಗಾದೆಯಲ್ಲ, ಹೋಲಿಕೆ. ಅದನ್ನು ವಿವರಣೆಯ ಒಳಗೆ "ನಂಜನಗೂಡಿಗೆ ರಸಬಾಳೆ ಹೊತ್ತಂತೆ ಎಂದು ನಾವು ಹೇಳಬಹುದು" ಎಂದು ಬಳಸಬೇಕು. ಕನ್ನಡದಲ್ಲಿ ಹೀಗೊಂದು ಗಾದೆ ಇದೆ ಎಂದು ಬರೆಯಬಾರದು.

ವಿವರಣೆ ಎಷ್ಟು ಉದ್ದ?

ಕೊನೆಯದು ಶುತುರ್ ದೀದೀ? ನದೀದೀ. ಒಂಟೆ ಕಂಡೆಯಾ? ಕಾಣಲಿಲ್ಲ. ಇದರ ಹಿಂದೊಂದು ಕತೆಯಿದೆ. ದಾರಿಹೋಕನೊಬ್ಬ ಹೆಜ್ಜೆ ಗುರುತು ನೋಡಿ ಕಳೆದುಹೋದ ಒಂಟೆಯ ಲಕ್ಷಣಗಳನ್ನೆಲ್ಲ ಹೇಳಿದ. ನೀನೇ ಕದ್ದಿರಬೇಕು ಎಂದು ಒಂಟೆಯವನು ಅವನನ್ನೇ ಹೊಡೆದ. ಅಂದಿನಿಂದ ಕೇಳಿದರೆ ಕಾಣಲಿಲ್ಲ ಎಂದುಬಿಡುವುದೇ ಮೇಲು ಎಂದಾಯಿತು.

ಕತೆ ಹೇಳಿದ್ದೇ ತಪ್ಪಾಯಿತು. ಮಕ್ಕಳ ವಿವರಣೆ ಅರ್ಧ ಪುಟ ಬಂತು. ಐದು ಗುಂಪುಗಳು "ಆದ್ದರಿಂದ ನಾವು ಸುಳ್ಳು ಹೇಳಬಾರದು" ಎಂದೋ "ಕಳ್ಳತನ ಮಾಡಬಾರದು" ಎಂದೋ ಮುಗಿಸಿದವು. ಗಾದೆಯ ಕೊನೆಗೆ ನೀತಿ ಇರಲೇಬೇಕೆಂಬ ಪರೀಕ್ಷೆಯ ಅಭ್ಯಾಸ ಇಲ್ಲಿಯೂ ಬಂದಿತ್ತು. ಈ ಗಾದೆಯಲ್ಲಿ ನೀತಿಯೇ ಇಲ್ಲ, ಅದೊಂದು ಕೋರಿಕೆ. ಮತ್ತೆ ಮೂರು ಪ್ರಶ್ನೆಗಳನ್ನಷ್ಟೇ ಇಟ್ಟುಕೊಂಡು ಬರೆಯಿಸಿದೆ. ಒಂದು ಗುಂಪಿನ ಎರಡನೇ ಪ್ರಯತ್ನ ಹೀಗಿತ್ತು: "ಒಂಟೆ ಕಂಡೆಯಾ? ಕಾಣಲಿಲ್ಲ. ನೋಡಿದ್ದನ್ನು ಯಾರಿಗೂ ಹೇಳಬೇಡ, ಕಂಡೂ ಕಾಣದ ಹಾಗೆ ಇದ್ದುಬಿಡು ಎಂದು ನಂಬಿದವರಿಗೆ ಹೇಳುವ ಮಾತು." ಇಷ್ಟು ಸಾಕು. ಮೂಲದ ಚಿತ್ರ ಉಳಿಯಿತು, ಸಂದರ್ಭ ತಿಳಿಯಿತು.

ಮುಂದಿನ ಪಾಠಕ್ಕೆ ಬದಲಾವಣೆ

ಇನ್ನೊಮ್ಮೆ ಈ ಪಾಠ ಮಾಡಿದರೆ ಮೂರು ಪ್ರಶ್ನೆಗಳನ್ನು ಮೊದಲ ಗಾದೆಗೂ ಮುಂಚೆ ಹಲಗೆಯ ಮೇಲೆ ಬರೆಯುತ್ತೇನೆ. ಕತೆಯನ್ನು ಮಕ್ಕಳು ವಿವರಣೆ ಬರೆದು ಮುಗಿಸಿದ ಮೇಲೆ ಹೇಳುತ್ತೇನೆ. ಉತ್ತರಸೂಚಿಯಲ್ಲಿ ಒಂದೇ ಗಾದೆ ಬರೆಯುವ ಬದಲು "ಯಾರು, ಯಾರಿಗೆ, ಯಾವಾಗ" ಎಂಬುದನ್ನು ಬರೆದಿಟ್ಟುಕೊಂಡು, ಅದಕ್ಕೆ ಸರಿಹೊಂದುವ ಯಾವ ಉತ್ತರಕ್ಕೂ ಅಂಕ ಕೊಡುತ್ತೇನೆ. ಕನ್ನಡ ಗಾದೆಯ ವಿಸ್ತರಣೆಗೂ ಇದೇ ಕ್ರಮ ಹಿಡಿಯಬಹುದೇ ಎಂದು ನೋಡಲು, ಎರಡನೇ ಅವಧಿಯ ಕೊನೆಗೆ "ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ" ಕೊಟ್ಟು ಯಾರು ಯಾರಿಗೆ ಹೇಳುತ್ತಾರೆ ಎಂದಷ್ಟೇ ಕೇಳಿದೆ. ಕೆಂಪು ಗುರುತು ಹಾಕಿಸಿಕೊಂಡಿದ್ದ ಆ ಹುಡುಗಿ ಬರೆದದ್ದು: "ನಮ್ಮಪ್ಪ ಒಂದು ವರ್ಷ ಕಟ್ಟಿದ ಬದುವನ್ನು ಪಕ್ಕದ ಹೊಲದವರು ಟ್ರ್ಯಾಕ್ಟರ್ ಹತ್ತಿಸಿ ಒಡೆದಾಗ ನಮ್ಮಜ್ಜಿ ಹೇಳಿದ್ದು." ವೇದದ ಮಾತು ಅವಳ ಪುಟದಲ್ಲಿ ಇರಲಿಲ್ಲ.